ಸಣ್ಣ ಕಂಪನಿಗಳ ವಾರ್ಷಿಕ ದಾಖಲೆ ಸಲ್ಲಿಕೆ: ದಂಡಕ್ಕೆ ಎಡೆಮಾಡುವ ತಪ್ಪುಗಳು ಮತ್ತು ಪರಿಹಾರ

ಬಸವನಗುಡಿ, ಮಲ್ಲೇಶ್ವರ ಮತ್ತು ಚಾಮರಾಜಪೇಟೆಗಳಲ್ಲಿ ಮುದ್ರಣಾಲಯ, ಅಂಗಡಿ ಮುಂತಾದ ಕುಟುಂಬದ ಉದ್ಯಮಗಳನ್ನು ಖಾಸಗಿ ಕಂಪನಿಯಾಗಿ ನೋಂದಾಯಿಸಿಕೊಂಡವರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ. ಇಂತಹ ಕಂಪನಿಗಳು 2013ರ ಕಂಪನಿಗಳ ಅಧಿನಿಯಮದ ಮೇರೆಗೆ ಪ್ರತಿ ವರ್ಷ ಕಂಪನಿಗಳ ರಿಜಿಸ್ಟ್ರಾರರಿಗೆ ದಾಖಲೆಗಳನ್ನು ಸಲ್ಲಿಸತಕ್ಕದ್ದು.

1. ಸಲ್ಲಿಸಬೇಕಾದ ನಮೂನೆಗಳು ಮತ್ತು ಅವಧಿ

ಆರ್ಥಿಕ ವರ್ಷವು ಮಾರ್ಚ್ 31ಕ್ಕೆ ಮುಗಿದ ನಂತರ 6 ತಿಂಗಳೊಳಗೆ, ಅಂದರೆ ಸೆಪ್ಟೆಂಬರ್ 30ರೊಳಗೆ, ವಾರ್ಷಿಕ ಸಾಮಾನ್ಯ ಸಭೆಯನ್ನು ನಡೆಸಬೇಕು. (ಹೊಸ ಕಂಪನಿಯ ಮೊದಲ ಸಭೆಗೆ 9 ತಿಂಗಳ ಅವಧಿ ಇರುತ್ತದೆ.) ಸಭೆಯ ದಿನಾಂಕದಿಂದ 30 ದಿನಗಳೊಳಗೆ ಲೆಕ್ಕಪತ್ರಗಳನ್ನು AOC-4 ನಮೂನೆಯಲ್ಲಿಯೂ, 60 ದಿನಗಳೊಳಗೆ ವಾರ್ಷಿಕ ರಿಟರ್ನನ್ನು MGT-7A ನಮೂನೆಯಲ್ಲಿಯೂ www.mca.gov.in ತಾಣದ ಮೂಲಕ ಸಲ್ಲಿಸಬೇಕು.

2. ಸಾಮಾನ್ಯವಾಗಿ ಕಂಡುಬರುವ ತಪ್ಪುಗಳು

ಅ) ವ್ಯವಹಾರವಿಲ್ಲವೆಂದು ಸಲ್ಲಿಸದಿರುವುದು: ವರ್ಷದಲ್ಲಿ ಒಂದು ರೂಪಾಯಿಯ ವಹಿವಾಟೂ ನಡೆಯದಿದ್ದರೂ ಎರಡೂ ನಮೂನೆಗಳು ಕಡ್ಡಾಯ. ಆದಾಯ ತೆರಿಗೆ ವಿವರ ಸಲ್ಲಿಸಿರುವುದು ಇದಕ್ಕೆ ಬದಲಿಯಾಗುವುದಿಲ್ಲ. ಸಭೆಯನ್ನೇ ನಡೆಸದಿದ್ದಲ್ಲಿ, ಅದು ನಡೆಯಬೇಕಾಗಿದ್ದ ಕೊನೆಯ ದಿನಾಂಕದಿಂದ ಅವಧಿಯನ್ನು ಎಣಿಸಲಾಗುತ್ತದೆ. ಆದುದರಿಂದ ಸಭೆಯನ್ನು ಮುಂದೂಡಿದ ಮಾತ್ರಕ್ಕೆ ಗಡುವು ಮುಂದಕ್ಕೆ ಹೋಗುವುದಿಲ್ಲ.

ಆ) ದಿನಾಂಕಗಳ ಹೊಂದಾಣಿಕೆ ಇಲ್ಲದಿರುವುದು: ಲೆಕ್ಕಪತ್ರಗಳನ್ನು ಮೊದಲು ನಿರ್ದೇಶಕರ ಮಂಡಳಿ ಅನುಮೋದಿಸಬೇಕು. ನಂತರ ಲೆಕ್ಕಪರಿಶೋಧಕರು ವರದಿಗೆ ಸಹಿ ಮಾಡಬೇಕು. ಆ ಬಳಿಕ ಸದಸ್ಯರಿಗೆ ಸಭೆಯ ನೋಟಿಸು ಹೋಗಬೇಕು. ನೋಟಿಸಿಗೂ ಸಭೆಗೂ ನಡುವೆ ಸಾಮಾನ್ಯವಾಗಿ 21 ಪೂರ್ಣ ದಿನಗಳ ಅಂತರವಿರಬೇಕು. ಕೊನೆಯ ವಾರದಲ್ಲಿ ಅವಸರದಿಂದ ಸಿದ್ಧಪಡಿಸಿದ ಕಾಗದಗಳಲ್ಲಿ ಲೆಕ್ಕಪರಿಶೋಧಕರ ಸಹಿ ಮಂಡಳಿಯ ಅನುಮೋದನೆಗಿಂತ ಹಿಂದಿನ ದಿನಾಂಕದ್ದಾಗಿರುವುದುಂಟು. ಸಲ್ಲಿಸುವ ಮೊದಲು ಈ ನಾಲ್ಕು ದಿನಾಂಕಗಳನ್ನು ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದು ನೋಡಿದರೆ ಈ ದೋಷ ಕೂಡಲೇ ತಿಳಿಯುತ್ತದೆ.

ಇ) ಹಳೆಯ ವಿಳಾಸ ಮತ್ತು ಮಿಂಚಂಚೆ: ಹಳೆಯ ಬಡಾವಣೆಗಳಲ್ಲಿ ಮನೆಯ ಮುಂಭಾಗದ ಕೋಣೆಯೇ ನೋಂದಾಯಿತ ಕಚೇರಿಯಾಗಿರುವುದು ಸಾಮಾನ್ಯ. ಮನೆ ಮಾರಾಟವಾಗಿ ಅಥವಾ ಕೆಡವಲ್ಪಟ್ಟು ಕಚೇರಿ ಬೇರೆಡೆಗೆ ಹೋದಾಗ 30 ದಿನಗಳೊಳಗೆ INC-22 ನಮೂನೆಯಲ್ಲಿ ತಿಳಿಸಬೇಕು. ಅದೇ ರೀತಿ, ದಾಖಲೆಯಲ್ಲಿರುವ ಮಿಂಚಂಚೆ ವಿಳಾಸವು ಕೆಲಸ ಬಿಟ್ಟುಹೋದ ಲೆಕ್ಕಿಗರದ್ದಾಗಿದ್ದರೆ ನೋಟಿಸು ನಿರ್ದೇಶಕರ ಕೈಸೇರುವುದೇ ಇಲ್ಲ. ಇದರ ಪರಿಣಾಮವನ್ನು 4ನೇ ಕಂಡಿಕೆಯಲ್ಲಿ ತಿಳಿಸಲಾಗಿದೆ.

3. ಹೆಚ್ಚುವರಿ ಶುಲ್ಕದ ಲೆಕ್ಕ: ಒಂದು ಉದಾಹರಣೆ

ಚಾಮರಾಜಪೇಟೆಯ ಒಂದು ಮುದ್ರಣಾಲಯ ಕಂಪನಿಯು 2023–24ನೇ ಸಾಲಿನ ಸಭೆಯನ್ನು 30-9-2024ರಂದು ನಡೆಸಿದೆ ಎಂದಿಟ್ಟುಕೊಳ್ಳೋಣ. AOC-4ಗೆ ಕೊನೆಯ ದಿನ 30-10-2024, MGT-7Aಗೆ 29-11-2024. ಎರಡನ್ನೂ 7-2-2025ರಂದು ಸಲ್ಲಿಸಿದಲ್ಲಿ ವಿಳಂಬವು ಕ್ರಮವಾಗಿ 100 ಮತ್ತು 70 ದಿನಗಳು. ಪ್ರತಿ ನಮೂನೆಗೆ ದಿನಕ್ಕೆ 100 ರೂ.ಗಳಂತೆ ಹೆಚ್ಚುವರಿ ಶುಲ್ಕ 10,000 ಮತ್ತು 7,000, ಒಟ್ಟು 17,000 ರೂ. ಸಾಮಾನ್ಯ ಶುಲ್ಕವು ಇದಕ್ಕೆ ಪ್ರತ್ಯೇಕ. ಈ ದರಕ್ಕೆ ಮೇಲ್ಮಿತಿ ಇಲ್ಲವಾದ್ದರಿಂದ ವರ್ಷಗಟ್ಟಲೆ ಬಿಟ್ಟರೆ ಮೊತ್ತವು ಬೆಳೆಯುತ್ತಲೇ ಹೋಗುತ್ತದೆ.

4. ದಂಡ ಮತ್ತು 30 ದಿನಗಳ ಅವಕಾಶ

ಹೆಚ್ಚುವರಿ ಶುಲ್ಕವು ದಂಡವಲ್ಲ. ದಾಖಲೆ ಸಲ್ಲಿಸದಿದ್ದಲ್ಲಿ 92 ಮತ್ತು 137ನೇ ಪ್ರಕರಣಗಳ ಮೇರೆಗೆ ನ್ಯಾಯನಿರ್ಣಯಾಧಿಕಾರಿಯು ನೋಟಿಸು ನೀಡಿ ದಂಡ ವಿಧಿಸಬಹುದು. ಸಣ್ಣ ಕಂಪನಿಗೆ 446ಬಿ ಪ್ರಕರಣದಂತೆ ದಂಡವು ಇತರರಿಗೆ ಇರುವುದರ ಅರ್ಧವನ್ನು ಮೀರುವುದಿಲ್ಲ. ಆದರೂ ಒಂದೊಂದು ನಮೂನೆಗೆ 5,000 ರೂ. ಮತ್ತು ಲೋಪ ಮುಂದುವರಿದಂತೆ ದಿನಕ್ಕೆ 50 ರೂ.ವರೆಗೆ ಬೀಳಬಹುದು. ಇದು ಕಂಪನಿಗೆ ಗರಿಷ್ಠ 1 ಲಕ್ಷ ರೂ.ವರೆಗೆ, ತಪ್ಪಿತಸ್ಥ ನಿರ್ದೇಶಕರಲ್ಲಿ ಪ್ರತಿಯೊಬ್ಬರಿಗೂ ಬೇರೆಯಾಗಿ ಗರಿಷ್ಠ 25,000 ರೂ.ವರೆಗೆ ಏರುತ್ತದೆ. ಮತ್ತೊಂದು ಕಂಪನಿಯ ಅಧೀನದಲ್ಲಿರುವ ಕಂಪನಿಯು ಎಷ್ಟೇ ಚಿಕ್ಕದಾಗಿದ್ದರೂ ಸಣ್ಣ ಕಂಪನಿ ಎನಿಸದು. ಅದಕ್ಕೆ ಈ ರಿಯಾಯಿತಿ ಇಲ್ಲ.

454ನೇ ಪ್ರಕರಣದಲ್ಲಿ ಒಂದು ಮುಖ್ಯ ಅವಕಾಶವಿದೆ. ನೋಟಿಸು ಹೊರಡುವ ಮೊದಲು ಅಥವಾ ಹೊರಟ 30 ದಿನಗಳೊಳಗೆ ಈ ನಮೂನೆಗಳನ್ನು ಹೆಚ್ಚುವರಿ ಶುಲ್ಕದೊಂದಿಗೆ ಸಲ್ಲಿಸಿದಲ್ಲಿ ದಂಡ ವಿಧಿಸುವಂತಿಲ್ಲ. ಮೇಲಿನ ಮುದ್ರಣಾಲಯವು ನೋಟಿಸಿಗೆ ಮೊದಲೇ ಸಲ್ಲಿಸಿದ್ದರೆ 17,000 ರೂ. ಹಾಗೂ ಸಾಮಾನ್ಯ ಶುಲ್ಕದಲ್ಲಿಯೇ ವಿಷಯ ಮುಗಿಯುತ್ತದೆ. ಆದರೆ 30 ದಿನಗಳನ್ನು ನೋಟಿಸು ತಲುಪಿದ ದಿನದಿಂದಲ್ಲ, ಹೊರಡಿಸಿದ ದಿನದಿಂದ ಎಣಿಸಲಾಗುತ್ತದೆ. ಹಳೆಯ ಮಿಂಚಂಚೆಗೆ ಹೋದ ನೋಟಿಸು ಈ ಅವಕಾಶವನ್ನೇ ಕಳೆಯುತ್ತದೆ.

ದಂಡದ ಆದೇಶವಾದಲ್ಲಿ, ಅದರ ಪ್ರತಿ ದೊರೆತ 60 ದಿನಗಳೊಳಗೆ ಪ್ರಾದೇಶಿಕ ನಿರ್ದೇಶಕರಿಗೆ ಮೇಲ್ಮನವಿ ಸಲ್ಲಿಸಬಹುದು. ಸತತ 3 ಆರ್ಥಿಕ ವರ್ಷ ದಾಖಲೆ ಸಲ್ಲಿಸದ ಕಂಪನಿಯ ನಿರ್ದೇಶಕರು ಆ ಕಂಪನಿಯಲ್ಲಿ ಮರುನೇಮಕಕ್ಕೂ ಇತರ ಕಂಪನಿಗಳಲ್ಲಿ ನೇಮಕಕ್ಕೂ 5 ವರ್ಷ ಅನರ್ಹರಾಗುತ್ತಾರೆ.

ಸೂಚನೆ: ಪ್ರತಿ ವರ್ಷ ಏಪ್ರಿಲ್‌ನಲ್ಲಿ ತಾಣದಲ್ಲಿರುವ ಕಂಪನಿಯ ವಿಳಾಸ ಮತ್ತು ಮಿಂಚಂಚೆಯನ್ನು ನಿರ್ದೇಶಕರೇ ಪರಿಶೀಲಿಸತಕ್ಕದ್ದು. ಸಲ್ಲಿಕೆಯ ನಂತರ ಶುಲ್ಕದ ಚಲನ್ ಹಾಗೂ SRN ಸಂಖ್ಯೆಯನ್ನು ಕಂಪನಿಯ ಕಡತದಲ್ಲಿ ಇಟ್ಟುಕೊಳ್ಳತಕ್ಕದ್ದು.