ಯಂತ್ರ ಬರೆದ ಪಠ್ಯದ ಪತ್ತೆ: 2019ರಿಂದ 2023ರವರೆಗೆ

ಒಂದು ಬರಹ ಮನುಷ್ಯರದೋ ಯಂತ್ರದ್ದೋ ಎಂದು ಹೇಳುವ ತಂತ್ರಾಂಶಕ್ಕೆ ಮೊದಲು ಬೇಕಾಗುವುದು ಉದಾಹರಣೆಗಳು. 2019ರಲ್ಲಿ ಓಪನ್‌ಎಐ ತನ್ನ ಜಿಪಿಟಿ-2 ಮಾಡೆಲ್‌ ಜೊತೆಗೆ ಅವನ್ನೂ ಬಿಡುಗಡೆ ಮಾಡಿತು. ಅಂತರ್ಜಾಲದಿಂದ ಆಯ್ದ ಎರಡೂವರೆ ಲಕ್ಷ ಬರಹಗಳು ಒಂದು ಕಡೆ, ಜಿಪಿಟಿ-2ರ ನಾಲ್ಕು ಗಾತ್ರಗಳ ಪ್ರತಿ ಮಾಡೆಲ್‌ ಬರೆದ ಅಷ್ಟೇ ಬರಹಗಳು ಇನ್ನೊಂದು ಕಡೆ. ಪ್ರತಿಯೊಂದಕ್ಕೂ ‘ಮನುಷ್ಯ’ ಅಥವಾ ‘ಯಂತ್ರ’ ಎಂಬ ಲೇಬಲ್.

ಇದರ ಮೇಲೆ ಮೊದಲು ಪ್ರಯೋಗಿಸಿದ್ದು ಸರಳ ವಿಧಾನ. ಬರಹದಲ್ಲಿ ಯಾವ ಪದ, ಯಾವ ಪದಜೋಡಿ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಪ್ರತಿಯೊಂದಕ್ಕೂ ಒಂದು ತೂಕ ಕೊಡುವುದು. ಊಹೆ ಲೇಬಲ್‌ಗೆ ಹೊಂದದಿದ್ದರೆ ತೂಕಗಳನ್ನು ತುಸು ತಿದ್ದುವುದು. ಹೀಗೆ ತಿದ್ದುತ್ತಾ ಹೋದಂತೆ, ಯಂತ್ರ ಅತಿಯಾಗಿ ಬಳಸುವ ಪದಗಳ ತೂಕ ‘ಯಂತ್ರ’ದ ಕಡೆಗೆ ವಾಲುತ್ತದೆ. ಅತಿ ಚಿಕ್ಕ ಮಾಡೆಲ್‌ನ ಬರಹವನ್ನು ಈ ವಿಧಾನ ಸುಮಾರು 88% ನಿಖರತೆಯಿಂದ ಗುರುತಿಸಿತು. 150 ಕೋಟಿ ನಿಯತಾಂಕಗಳ ದೊಡ್ಡ ಮಾಡೆಲ್‌ಗೆ ಬಂದಾಗ ಅದು ಸುಮಾರು 74%ಕ್ಕೆ ಇಳಿಯಿತು. ಮಾಡೆಲ್ ದೊಡ್ಡದಾದಂತೆ ಅದರ ಪದಬಳಕೆ ಮನುಷ್ಯರದಕ್ಕೆ ಹತ್ತಿರವಾಗಿತ್ತು, ಎಣಿಕೆಗೆ ಸಿಗುವ ವ್ಯತ್ಯಾಸ ಕರಗಿತ್ತು.

ಇನ್ನೊಂದು ಸಂಗತಿಯೂ ಗಮನಾರ್ಹ. ಪ್ರತಿ ಹೆಜ್ಜೆಯಲ್ಲೂ ಹೆಚ್ಚು ಸಂಭವನೀಯವಾದ 40 ಪದತುಣುಕುಗಳಿಂದಷ್ಟೇ ಆರಿಸುವಂತೆ ಕಟ್ಟುಹಾಕಿದರೆ, ಅದೇ ದೊಡ್ಡ ಮಾಡೆಲ್‌ ಸುಮಾರು 93% ನಿಖರತೆಯಿಂದ ಸಿಕ್ಕಿಬೀಳುತ್ತಿತ್ತು. ಸಾಮಾನ್ಯ ಪದಗಳು ಮಿತಿಮೀರಿ ಬರುವುದೇ ಇದಕ್ಕೆ ಕಾರಣ. ಅಂದರೆ ತಂತ್ರಾಂಶ ಕಲಿತದ್ದು ಯಂತ್ರತನವನ್ನಲ್ಲ, ಒಂದು ನಿರ್ದಿಷ್ಟ ಮಾಡೆಲ್ ಒಂದು ನಿರ್ದಿಷ್ಟ ರೀತಿಯಲ್ಲಿ ಪದ ಆರಿಸುವಾಗ ಬಿಡುವ ಗುರುತನ್ನು. ರೋಬರ್ಟಾ ಎಂಬ ಭಾಷಾ ಮಾಡೆಲ್‌ ಆಧರಿಸಿದ ಮುಂದಿನ ಪತ್ತೆಕಾರ ಜಿಪಿಟಿ-2 ಮೇಲೆ ಸುಮಾರು 95% ಮುಟ್ಟಿತು. ಆದರೆ ಅದೂ ಕಲಿತದ್ದು ಜಿಪಿಟಿ-2ರ ಗುರುತನ್ನೇ.

ಚಾಟ್‌ಜಿಪಿಟಿಯ ತಲೆಮಾರು ಬರುವ ಹೊತ್ತಿಗೆ ಆ ಗುರುತುಗಳೇ ಬದಲಾಗಿದ್ದವು. ಮನುಷ್ಯರ ಮೆಚ್ಚುಗೆಗೆ ತಕ್ಕಂತೆ ಪಳಗಿಸಿದ ಈ ಮಾಡೆಲ್‌ಗಳು, ಹೇಳಿದ ಶೈಲಿಯಲ್ಲಿ ಬರೆಯಬಲ್ಲವು. 2023ರ ಜನವರಿಯಲ್ಲಿ ಓಪನ್‌ಎಐ ಹಲವು ಮಾಡೆಲ್‌ಗಳ ಬರಹಗಳಿಂದ ಕಲಿಸಿದ ಹೊಸ ಪತ್ತೆಕಾರವನ್ನು ಹೊರತಂದಿತು. ಸಂಸ್ಥೆಯ ಪರೀಕ್ಷೆಯಲ್ಲೇ ಅದು ಯಂತ್ರಬರಹದ 26% ಮಾತ್ರ ಹಿಡಿಯಿತು, ಮನುಷ್ಯರ ಬರಹದ 9%ವನ್ನು ಯಂತ್ರದ್ದೆಂದಿತು. ಲೆಕ್ಕ ಹಾಕಿ ನೋಡಿ: 100 ಪ್ರಬಂಧಗಳಲ್ಲಿ 20 ಯಂತ್ರದವಾದರೆ ಸಿಕ್ಕಿಬೀಳುವುದು ಸುಮಾರು 5, ಉಳಿದ 80ರಲ್ಲಿ ಸುಳ್ಳು ಆರೋಪ ಹೊರುವವು ಸುಮಾರು 7. ಆರೋಪಿತರಲ್ಲಿ ನಿರಪರಾಧಿಗಳೇ ಹೆಚ್ಚು! ನಿಖರತೆ ಕಡಿಮೆಯೆಂದು ಅದೇ ವರ್ಷದ ಜುಲೈನಲ್ಲಿ ಆ ಪತ್ತೆಕಾರವನ್ನು ಹಿಂತೆಗೆದುಕೊಳ್ಳಲಾಯಿತು.

ಹೊಸ ಮಾಡೆಲ್‌ನ ಬರಹಗಳನ್ನು ಕೂಡಿಸಿ ಮತ್ತೆ ಕಲಿಸಿದರೆ ನಿಖರತೆ ಏರುತ್ತದೆ, ಆದರೆ ಆ ಬರಹಗಳು ಕೈಗೆ ಸಿಗುವುದು ಮಾಡೆಲ್ ಬಳಕೆಗೆ ಬಂದ ಮೇಲೆಯೇ. ಹಾಗಾಗಿ ಯಾವುದೇ ಪತ್ತೆಕಾರ 95% ಎಂದು ಹೇಳಿಕೊಂಡಾಗ ಎರಡು ಪ್ರಶ್ನೆ ಕೇಳಬೇಕು. ಕಲಿಕೆಯಲ್ಲಿ ಕಾಣದ ಮಾಡೆಲ್‌ನ ಬರಹದ ಮೇಲೆ ಅದರ ಅಂಕ ಎಷ್ಟು? ಮನುಷ್ಯರ ಎಷ್ಟು ಬರಹಗಳನ್ನು ಅದು ಯಂತ್ರದ್ದೆಂದು ದೂರಿತು? ಈ ಎರಡಕ್ಕೂ ಉತ್ತರವಿಲ್ಲದ ಅಂಕವನ್ನು ನಂಬಿ ಯಾವ ವಿದ್ಯಾರ್ಥಿಯನ್ನೂ ಶಿಕ್ಷಿಸಬಾರದು.