ಪೂರೈಕೆ ಸರಪಳಿ ವಿಶ್ಲೇಷಕ (ಸಿಮೆಂಟ್ ಉದ್ಯಮ)

ಕಾರ್ಖಾನೆಯ ದಾಸ್ತಾನು ಮತ್ತು ಸಾಗಣೆ ವೆಚ್ಚವನ್ನು ಅಳೆದು, ಉಳಿತಾಯವನ್ನು ಲೆಕ್ಕದಿಂದ ತೋರಿಸುವ ಉದ್ಯೋಗಿ. ಕಲಬುರಗಿಯಿಂದ ಹೊರಡುವ ಸೇಡಂ ರಸ್ತೆ, ಸುಣ್ಣದಕಲ್ಲಿನ ನಾಡಾದ ಮಳಖೇಡ ಮತ್ತು ಸೇಡಂನ ದೊಡ್ಡ ಸಿಮೆಂಟ್ ಕಾರ್ಖಾನೆಗಳನ್ನು ಮುಟ್ಟುತ್ತದೆ. ಇಂಥ ಕಡೆ ಈ ಕೆಲಸದ ಒಳ್ಳೆಯ ಪರೀಕ್ಷೆಯೆಂದರೆ ಖಾಲಿ ಚೀಲಗಳ ದಾಸ್ತಾನು.

ಒಂದು ಕಾರ್ಖಾನೆ ದಿನಕ್ಕೆ 8,000 ಟನ್ ಸಿಮೆಂಟ್ ತುಂಬುತ್ತದೆ ಎಂದುಕೊಳ್ಳೋಣ. 50 ಕಿಲೋದ 1.6 ಲಕ್ಷ ಚೀಲ ಬೇಕು. 25 ದಿನಗಳ ದಾಸ್ತಾನನ್ನು 15 ದಿನಕ್ಕೆ ಇಳಿಸಿದರೆ 16 ಲಕ್ಷ ಚೀಲ ಕಡಿಮೆಯಾಗುತ್ತದೆ. ಚೀಲಕ್ಕೆ 10 ರೂಪಾಯಿಯಾದರೆ 1.6 ಕೋಟಿ ಬಿಡುಗಡೆಯಾಗುತ್ತದೆ. ಇದನ್ನೇ ವಾರ್ಷಿಕ ಲಾಭವೆಂದು ಬರೆಯುವುದು ಸಾಮಾನ್ಯ ತಪ್ಪು. ಅದು ಒಮ್ಮೆ ಮಾತ್ರ ಕೈಗೆ ಬರುವ ಬಂಡವಾಳ, ಶೇ. 12ರ ಬಡ್ಡಿಯಲ್ಲಿ ವರ್ಷದ ನಿಜವಾದ ಉಳಿತಾಯ 19.2 ಲಕ್ಷ. ಸಣ್ಣ ಸಣ್ಣ ಆರ್ಡರ್‌ಗಳಿಂದ ಅರ್ಧ ಖಾಲಿ ಲಾರಿಗಳು ಬಂದು ಬಾಡಿಗೆ ವರ್ಷಕ್ಕೆ 5 ಲಕ್ಷ ಹೆಚ್ಚಿದರೆ ಉಳಿಯುವುದು 14.2 ಲಕ್ಷ.

ಸ್ಯಾಪ್ ತಂತ್ರಾಂಶದಲ್ಲಿ `MB52` ಇಂದಿನ ದಾಸ್ತಾನನ್ನು, `MB5B` ಹಿಂದಿನ ದಿನಾಂಕದ ದಾಸ್ತಾನನ್ನು ತೋರಿಸುತ್ತದೆ. ಬಂದ ಸರಕನ್ನು `MIGO`ದಲ್ಲಿ ತಡವಾಗಿ ನಮೂದಿಸಿದರೆ ದಾಸ್ತಾನು ಇಳಿದಂತೆ ಕಾಣುತ್ತದೆ. ಆದ್ದರಿಂದ ಗೇಟಿನ ರಿಜಿಸ್ಟರಿನ ದಿನಾಂಕದೊಂದಿಗೆ ನಮೂದಿನ ದಿನಾಂಕವನ್ನು ಹೋಲಿಸಬೇಕು, ಗೋದಾಮಿನಲ್ಲಿ ಎಣಿಸಿಯೂ ನೋಡಬೇಕು. ತಿಂಗಳ ಕೊನೆಯ ಒಂದೇ ದಿನದ ಅಂಕಿಯೂ ಸಾಲದು. ವರ್ಷದ ಸರಾಸರಿ ಬೇಕು. ಈ ಅವಧಿಯಲ್ಲಿ ಚೀಲವಿಲ್ಲದೆ ಪ್ಯಾಕಿಂಗ್ ಯಂತ್ರ ನಿಂತಿದ್ದರೆ, ಆ ದಾಸ್ತಾನು ಕಡಿತವನ್ನು ಉಳಿತಾಯವೆಂದು ಒಪ್ಪಲಾಗದು.