ಲೋಡ್–ಬಳಕೆ ಅವಲಂಬನೆ

ಲೋಡ್–ಬಳಕೆ ಅವಲಂಬನೆ ಎಂದರೆ ಮೆಮೊರಿಯಿಂದ ಮೌಲ್ಯವನ್ನು ರಿಜಿಸ್ಟರಿಗೆ ತರುವ ಲೋಡ್ ಸೂಚನೆಯ ಬೆನ್ನಲ್ಲೇ ಬರುವ ಸೂಚನೆಯು ಅದೇ ಮೌಲ್ಯವನ್ನು ಬಳಸಬೇಕಾದಾಗ ಪೈಪ್‌ಲೈನ್ ಪ್ರೊಸೆಸರ್‌ನಲ್ಲಿ ಉಂಟಾಗುವ ತಡೆ. ಐದು ಹಂತಗಳ ಸರಳ ಪೈಪ್‌ಲೈನ್‌ನಲ್ಲಿ ಇತರ ಬಹುತೇಕ ದತ್ತಾಂಶ ಅವಲಂಬನೆಗಳನ್ನು ಫಾರ್ವರ್ಡಿಂಗ್ ಪೂರ್ಣವಾಗಿ ನಿವಾರಿಸುತ್ತದೆ. ಆದರೆ ಈ ಸಂದರ್ಭದಲ್ಲಿ ಒಂದು ಚಕ್ರ ವ್ಯರ್ಥವಾಗುತ್ತದೆ. ಹೀಗೆ ಕೆಲಸವಿಲ್ಲದೆ ಸಾಗುವ ಖಾಲಿ ಸ್ಥಾನವನ್ನು ಬಬಲ್ ಅಥವಾ ಗುಳ್ಳೆ ಎನ್ನುತ್ತಾರೆ.

## ಕಾರಣ

ಐದು ಹಂತಗಳೆಂದರೆ ಸೂಚನೆಯನ್ನು ತರುವುದು, ಅದನ್ನು ಬಿಡಿಸಿ ರಿಜಿಸ್ಟರುಗಳನ್ನು ಓದುವುದು, ಲೆಕ್ಕ ಮಾಡುವುದು, ಮೆಮೊರಿಯನ್ನು ಮುಟ್ಟುವುದು ಮತ್ತು ಫಲಿತಾಂಶವನ್ನು ರಿಜಿಸ್ಟರಿಗೆ ಬರೆಯುವುದು. ಚಿತ್ರಗಳಲ್ಲಿ ಇವನ್ನು ಕ್ರಮವಾಗಿ `IF`, `ID`, `EX`, `MEM`, `WB` ಎಂದು ಗುರುತಿಸಲಾಗುತ್ತದೆ.

ಕೂಡುವ ಸೂಚನೆಯ ಫಲಿತಾಂಶ `EX` ಹಂತದ ಕೊನೆಯಲ್ಲೇ ಸಿದ್ಧವಾಗಿರುತ್ತದೆ. ಅದು ರಿಜಿಸ್ಟರಿಗೆ ಬರೆಯಲ್ಪಡುವವರೆಗೆ ಕಾಯದೆ, ಮುಂದಿನ ಸೂಚನೆಯ `EX` ಹಂತಕ್ಕೆ ನೇರವಾಗಿ ಕಳುಹಿಸುವುದೇ ಫಾರ್ವರ್ಡಿಂಗ್. ಲೋಡ್ ಸೂಚನೆಯು `EX` ಹಂತದಲ್ಲಿ ಕೇವಲ ವಿಳಾಸವನ್ನು ಲೆಕ್ಕ ಹಾಕುತ್ತದೆ. ಮೌಲ್ಯ ಕೈಗೆ ಸಿಗುವುದು `MEM` ಹಂತದ ಕೊನೆಯಲ್ಲಿ, ಅಂದರೆ ನಾಲ್ಕನೆಯ ಚಕ್ರ ಮುಗಿದಾಗ. ಬೆನ್ನಲ್ಲೇ ಬಂದ ಸೂಚನೆಗೆ ಅದೇ ಮೌಲ್ಯ ನಾಲ್ಕನೆಯ ಚಕ್ರದ ಆರಂಭದಲ್ಲೇ ಬೇಕು. ಸಿದ್ಧವಾದ ಮೌಲ್ಯವನ್ನು ಫಾರ್ವರ್ಡಿಂಗ್ ಬೇಗ ತಲುಪಿಸಬಲ್ಲದೇ ಹೊರತು ಇನ್ನೂ ಸಿದ್ಧವಾಗದ ಮೌಲ್ಯವನ್ನಲ್ಲ.

```
             1   2   3   4    5    6    7
lw  t0,0(a0) IF  ID  EX  MEM  WB
add t2,t0,t1     IF  ID  ID   EX   MEM  WB
```

ಮೆಮೊರಿಯ ಓದು ಮತ್ತು ಕೂಡಿಕೆ ಎರಡನ್ನೂ ಒಂದೇ ಚಕ್ರದಲ್ಲಿ ಮುಗಿಸಬೇಕೆಂದರೆ ಚಕ್ರದ ಅವಧಿಯನ್ನೇ ಹೆಚ್ಚಿಸಬೇಕಾಗುತ್ತದೆ. ಆಗ ಎಲ್ಲ ಸೂಚನೆಗಳೂ ನಿಧಾನವಾಗುತ್ತವೆ.

## ಪತ್ತೆ ಮತ್ತು ತಡೆ

ಲೋಡ್ ಸೂಚನೆ `EX` ಹಂತದಲ್ಲಿರುವಾಗ, ಅದು ತುಂಬಲಿರುವ ರಿಜಿಸ್ಟರನ್ನು `ID` ಹಂತದಲ್ಲಿರುವ ಸೂಚನೆಯು ಓದಲಿರುವ ರಿಜಿಸ್ಟರುಗಳೊಂದಿಗೆ ಯಂತ್ರಾಂಶ ಹೋಲಿಸುತ್ತದೆ. ಹೊಂದಿಕೆಯಾದರೆ `ID` ಮತ್ತು `IF` ಹಂತಗಳಲ್ಲಿರುವ ಸೂಚನೆಗಳನ್ನು ಒಂದು ಚಕ್ರ ಅಲ್ಲೇ ನಿಲ್ಲಿಸಿ, ಮುಂದಿನ ಹಂತಕ್ಕೆ ಹೋಗುವ ನಿಯಂತ್ರಣ ಸಂಕೇತಗಳನ್ನು ಸೊನ್ನೆಯಾಗಿಸುತ್ತದೆ. ಆ ಸೊನ್ನೆಗಳೇ ಗುಳ್ಳೆ. ಐದನೆಯ ಚಕ್ರದ ಆರಂಭದಲ್ಲಿ ಲೋಡ್ ಮಾಡಿದ ಮೌಲ್ಯ ಫಾರ್ವರ್ಡಿಂಗ್ ಮೂಲಕವೇ ತಲುಪುತ್ತದೆ. ಫಾರ್ವರ್ಡಿಂಗ್ ಇಲ್ಲದಿದ್ದರೆ ಒಂದರ ಬದಲು ಎರಡು ಚಕ್ರ ಕಾಯಬೇಕಾಗುತ್ತಿತ್ತು.

ಮಿಪ್ಸ್ ವಾಸ್ತುವಿನ ಮೊದಲ ಆವೃತ್ತಿಯಲ್ಲಿ ಇಂತಹ ತಡೆ ಇರಲಿಲ್ಲ. ಲೋಡ್‌ನ ನಂತರದ ಸ್ಥಾನದಲ್ಲಿ ಸಂಬಂಧವಿಲ್ಲದ ಸೂಚನೆಯನ್ನೋ ಏನೂ ಮಾಡದ `nop` ಅನ್ನೋ ಇಡುವುದು ಕಂಪೈಲರ್‌ನ ಹೊಣೆಯಾಗಿತ್ತು. ಎರಡನೆಯ ಆವೃತ್ತಿಯಲ್ಲಿ ಈ ನಿಯಮವನ್ನು ಕೈಬಿಡಲಾಯಿತು.

## ಚಕ್ರಗಳ ಎಣಿಕೆ

ಕವಲು ಸೂಚನೆಗಳಿಲ್ಲದ `n` ಸೂಚನೆಗಳ ಸಾಲಿನಲ್ಲಿ ಕೊನೆಯ ಸೂಚನೆ ಮುಗಿಯಲು ಬೇಕಾಗುವ ಚಕ್ರಗಳು `n + 4 + ಗುಳ್ಳೆಗಳ ಸಂಖ್ಯೆ`. ಇಲ್ಲಿ 4 ಎಂಬುದು ಪೈಪ್‌ಲೈನ್ ತುಂಬಲು ತಗಲುವ ಕಾಲ. ರಿಸ್ಕ್-ಫೈವ್ ಭಾಷೆಯ ಒಂದು ಉದಾಹರಣೆ:

```
lw  t0, 0(a0)
lw  t1, 4(a0)
add t2, t0, t1
sw  t2, 8(a0)
lw  t3, 12(a0)
add t4, t2, t3
sw  t4, 16(a0)
```

ಮೊದಲ `add` ತನ್ನ ಹಿಂದಿನ ಲೋಡ್‌ನ `t1` ಅನ್ನು, ಎರಡನೆಯ `add` ತನ್ನ ಹಿಂದಿನ ಲೋಡ್‌ನ `t3` ಅನ್ನು ಬಳಸುವುದರಿಂದ ಎರಡು ಗುಳ್ಳೆಗಳು ಬರುತ್ತವೆ. `t0` ಅನ್ನು ತಂದ ಲೋಡ್‌ಗೂ `add`ಗೂ ನಡುವೆ ಒಂದು ಸೂಚನೆ ಇರುವುದರಿಂದ ಅಲ್ಲಿ ತಡೆಯಿಲ್ಲ. ಒಟ್ಟು 7 + 4 + 2 = 13 ಚಕ್ರಗಳು.

ಮೂರನೆಯ ಲೋಡನ್ನು ಎರಡನೆಯ ಲೋಡ್‌ನ ಬೆನ್ನಿಗೆ ತಂದರೆ ಎರಡೂ ಗುಳ್ಳೆಗಳು ಮಾಯವಾಗಿ 11 ಚಕ್ರಗಳು ಸಾಕಾಗುತ್ತವೆ. ಈ ಬದಲಾವಣೆಯಿಂದ ಲೋಡ್ ಸೂಚನೆಯು ಸ್ಟೋರ್ ಸೂಚನೆಯನ್ನು ದಾಟಿ ಮುಂದೆ ಬರುತ್ತದೆ. ಎರಡಕ್ಕೂ ಆಧಾರ ರಿಜಿಸ್ಟರ್ ಒಂದೇ ಆಗಿದ್ದು ಅಂತರಗಳು 8 ಮತ್ತು 12 ಆಗಿರುವುದರಿಂದ ವಿಳಾಸಗಳು ಒಂದಾಗಲಾರವು. ಆಧಾರ ರಿಜಿಸ್ಟರುಗಳು ಬೇರೆಯಾಗಿದ್ದು, ವಿಳಾಸಗಳು ಭಿನ್ನವೆಂದು ಕಂಪೈಲರ್‌ಗೆ ಖಚಿತವಾಗದಿದ್ದರೆ ಅದು ಹೀಗೆ ಸ್ಥಳಾಂತರಿಸುವಂತಿಲ್ಲ.

ದೀರ್ಘ ಕ್ರಮವಿಧಿಗಳಲ್ಲಿ ಸರಾಸರಿಯನ್ನು ನೋಡಲಾಗುತ್ತದೆ. ಸೂಚನೆಗಳಲ್ಲಿ 25% ಲೋಡ್‌ಗಳಾಗಿದ್ದು, ಅವುಗಳಲ್ಲಿ 40%ರ ಮೌಲ್ಯ ಮರುಸೂಚನೆಯಲ್ಲೇ ಬಳಕೆಯಾಗುತ್ತದೆ ಎಂದು ಭಾವಿಸಿದರೆ, ಪ್ರತಿ ಸೂಚನೆಗೆ ತಗಲುವ ಚಕ್ರಗಳು `1 + 0.25 × 0.40 × 1 = 1.10`.

## ಗಮನಿಸಬೇಕಾದ ಸಂದರ್ಭಗಳು

* ಲೋಡ್ ಮಾಡಿದ ಮೌಲ್ಯವನ್ನು ಮರುಸೂಚನೆ ಸ್ಟೋರ್ ಮಾಡುವುದಾದರೆ ಆ ಮೌಲ್ಯ `MEM` ಹಂತದಲ್ಲಷ್ಟೇ ಬೇಕು. ಆ ಹಂತಕ್ಕೂ ಫಾರ್ವರ್ಡಿಂಗ್ ಮಾರ್ಗವಿದ್ದರೆ ಗುಳ್ಳೆ ಇರುವುದಿಲ್ಲ. ಅದೇ ಮೌಲ್ಯ ಸ್ಟೋರ್‌ನ ವಿಳಾಸಕ್ಕೆ ಬೇಕಾದರೆ ಗುಳ್ಳೆ ತಪ್ಪದು.
* ಕವಲು ಸೂಚನೆಯ ಹೋಲಿಕೆ `ID` ಹಂತದಲ್ಲೇ ನಡೆಯುವ ವಿನ್ಯಾಸದಲ್ಲಿ ಮೌಲ್ಯ ಇನ್ನೂ ಒಂದು ಚಕ್ರ ಮೊದಲೇ ಬೇಕಾಗುತ್ತದೆ. ಆಗ ಲೋಡ್‌ನ ಬೆನ್ನಿಗೆ ಬಂದ ಕವಲು ಎರಡು ಚಕ್ರ ಕಾಯುತ್ತದೆ.
* ಮೇಲಿನ ಎಣಿಕೆಯು ಬೇಕಾದ ಮೌಲ್ಯ ಕ್ಯಾಶ್‌ನಲ್ಲೇ ಸಿಗುತ್ತದೆ ಎಂದು ಭಾವಿಸುತ್ತದೆ. ಸಿಗದಿದ್ದರೆ ಆಗುವ ವಿಳಂಬವನ್ನು ಪ್ರತ್ಯೇಕವಾಗಿ ಕೂಡಿಸಬೇಕು.